ಸರಕು ಕಳಿಸುವುದೇ, ವಿದ್ಯೆ ಕೊಡುವುದೇ? ವಿದೇಶಿ ಮಾರುಕಟ್ಟೆ ಪ್ರವೇಶದ ಪ್ರಕರಣಕ್ಕೆ ಉತ್ತರ ಬರೆಯುವ ಬಗೆ

ಅಂತರರಾಷ್ಟ್ರೀಯ ವ್ಯವಹಾರದ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತಾಗಲೆಲ್ಲ ಒಂದು ಏಣಿಯ ಚಿತ್ರ ನನ್ನ ಕಣ್ಣಿಗೆ ಬೀಳುತ್ತದೆ. ಕೆಳಗಿನ ಮೆಟ್ಟಿಲಲ್ಲಿ ರಫ್ತು, ಅದರ ಮೇಲೆ ಲೈಸೆನ್ಸಿಂಗ್, ಅದರ ಮೇಲೆ ಜಂಟಿ ಉದ್ಯಮ, ತುದಿಯಲ್ಲಿ ಸಂಪೂರ್ಣ ಸ್ವಾಮ್ಯದ ಅಂಗಸಂಸ್ಥೆ. ಪಕ್ಕದಲ್ಲಿ ಮೇಲ್ಮುಖವಾಗಿ ಎರಡು ಬಾಣ: ಒಂದರ ಹೆಸರು ಅಪಾಯ, ಇನ್ನೊಂದರ ಹೆಸರು ನಿಯಂತ್ರಣ. ಚಿತ್ರದ ಕೆಳಗೆ ಒಂದು ಸಾಲು: 'ಕಂಪನಿ ಚಿಕ್ಕದು, ಅಪಾಯ ಹೊರುವ ಶಕ್ತಿ ಕಡಿಮೆ, ಆದ್ದರಿಂದ ಲೈಸೆನ್ಸಿಂಗ್ ಉತ್ತಮ.' ಅಲ್ಲಿಗೆ ಉತ್ತರ ಮುಗಿಯುತ್ತದೆ. 15 ಅಂಕದ ಪ್ರಶ್ನೆಗೆ ಆರೋ ಏಳೋ ಅಂಕ ಸಿಗುತ್ತದೆ.

ಬೆಳಗಾವಿಯಲ್ಲಿ ಎಂ.ಕಾಂ ಮತ್ತು ಎಂಬಿಎ ವಿದ್ಯಾರ್ಥಿಗಳಿಗೆ ನಾನು ಈ ವಿಷಯ ಹೇಳಿಕೊಡುತ್ತೇನೆ. ಆ ಏಣಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಅದರಲ್ಲಿ 'ಅಪಾಯ' ಎಂಬ ಒಂದೇ ಪದದಡಿ ಎರಡು ಬೇರೆ ಸಂಗತಿಗಳು ಅಡಗಿವೆ. ಒಂದು, ಹಾಕಿದ ಹಣ ಮುಳುಗುವ ಅಪಾಯ. ಇನ್ನೊಂದು, ಕಂಪನಿಯ ವಿದ್ಯೆ, ಅಂದರೆ ಅದರ ಕೈಚಳಕ, ಪಾಕ, ವಿನ್ಯಾಸ, ಬೇರೆಯವರ ಪಾಲಾಗುವ ಅಪಾಯ. ಹಣದ ಅಪಾಯ ಏಣಿಯಲ್ಲಿ ತೋರಿಸಿದಂತೆ ಮೇಲೆ ಹೋದಷ್ಟೂ ಹೆಚ್ಚುತ್ತದೆ. ವಿದ್ಯೆಯ ಅಪಾಯ ಹಾಗಲ್ಲ. ಅದು ಎರಡನೆಯ ಮೆಟ್ಟಿಲಾದ ಲೈಸೆನ್ಸಿಂಗ್‌ನಲ್ಲೇ ಎಲ್ಲಕ್ಕಿಂತ ಹೆಚ್ಚು. ಈ ಒಂದು ಭೇದ ಮನಸ್ಸಿನಲ್ಲಿ ಗಟ್ಟಿಯಾದರೆ ಪ್ರಕರಣದ ಪ್ರಶ್ನೆಗಳಲ್ಲಿ ಬಹುಪಾಲು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಅದನ್ನು ನಮ್ಮೂರಿನದೇ ಒಂದು ಪ್ರಕರಣ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತೇನೆ.

ಪ್ರಕರಣ

ತರಗತಿಗಾಗಿ ನಾನೇ ಕಟ್ಟಿದ ಪ್ರಶ್ನೆ ಇದು. ಪರೀಕ್ಷೆಯಲ್ಲಿಯೂ ಸುಮಾರು ಇಷ್ಟೇ ಉದ್ದದ್ದು ಬರುತ್ತದೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿ ಇದೆ. ಟ್ರ್ಯಾಕ್ಟರ್‌ಗಳ ಹೈಡ್ರಾಲಿಕ್ ವಾಲ್ವ್‌ನ ಒಡಲನ್ನು ಎರಕ ಹೊಯ್ದು, ಯಂತ್ರದಲ್ಲಿ ಕೊರೆದು ಸಿದ್ಧಪಡಿಸುತ್ತದೆ. ಒಳಗಿನ ಕಿರಿದಾದ ಎಣ್ಣೆ ದಾರಿಗಳು ಸೋರದಂತೆ ಎರಕ ಹೊಯ್ಯುವುದು ಅದರ ವಿಶೇಷ. ಇದಕ್ಕೆ ಪೇಟೆಂಟ್ ಇಲ್ಲ. ವಿದೇಶದ ಒಂದು ಟ್ರ್ಯಾಕ್ಟರ್ ಕಂಪನಿ ವರ್ಷಕ್ಕೆ 60,000 ತುಂಡು ಬೇಕೆಂದು ಕೇಳಿದೆ. ಸುಂಕವೂ ಸೇರಿ ತುಂಡಿಗೆ 1,500 ರೂಪಾಯಿಗೆ ಸಮನಾದ ಬೆಲೆಯನ್ನು ತನ್ನ ದೇಶದ ಹಣದಲ್ಲಿ ಕೊಡುತ್ತದೆ. ಬಿಲ್ ಹಣ 90 ದಿನಕ್ಕೆ ಬರುತ್ತದೆ. ಆ ದೇಶದಲ್ಲಿ ಸಾಗಣೆ, ವಿಮೆ ಸೇರಿದ ಮೊತ್ತದ ಮೇಲೆ ಶೇ. 25 ಆಮದು ಸುಂಕವಿದೆ. ಮೂರನೆಯ ವರ್ಷದಿಂದ ಬೆಲೆಯ ಕನಿಷ್ಠ ಶೇ. 30ರಷ್ಟು ಕೆಲಸ ಆ ದೇಶದೊಳಗೇ ನಡೆದಿರಬೇಕು ಎಂಬ ನಿಯಮ ಬರಲಿದೆ. ಅಲ್ಲಿನ ಹಣದ ಬೆಲೆ ಇತ್ತೀಚಿನ ವರ್ಷಗಳಲ್ಲಿ ಹಲವು ಸಲ ಕುಸಿದಿದೆ. ಬೆಳಗಾವಿಯಲ್ಲಿ ಒಂದು ತುಂಡಿನ ತಯಾರಿಕೆಗೆ 950 ರೂಪಾಯಿ ಬೀಳುತ್ತದೆ: ಎರಕಕ್ಕೆ 600, ಯಂತ್ರದ ಕೆಲಸಕ್ಕೆ 350. ಸಾಗಣೆ ಮತ್ತು ವಿಮೆಗೆ 100. ಆ ದೇಶದ ಒಂದು ಫೌಂಡ್ರಿ ಎರಡು ಪ್ರಸ್ತಾಪ ಇಟ್ಟಿದೆ. ಮಾರಾಟದ ಮೇಲೆ ಶೇ. 4 ರಾಯಧನಕ್ಕೆ ಲೈಸೆನ್ಸ್ ಕೊಡಿ, ಅಥವಾ 14 ಕೋಟಿ ರೂಪಾಯಿ ಬಂಡವಾಳದ ಜಂಟಿ ಉದ್ಯಮದಲ್ಲಿ ಶೇ. 49 ಪಾಲು ತೆಗೆದುಕೊಳ್ಳಿ. ಅಲ್ಲಿ ತಯಾರಿಸಿದರೆ ತುಂಡಿಗೆ 1,150 ರೂಪಾಯಿ ಬೀಳುತ್ತದೆ. ಅದರಲ್ಲಿ ಯಂತ್ರದ ಕೆಲಸದ ಪಾಲು 400. ನಮ್ಮ ಕಂಪನಿ ಹೊಂದಿಸಬಲ್ಲ ಹಣ ಹೆಚ್ಚೆಂದರೆ 8 ಕೋಟಿ. ಯಾವ ದಾರಿ ಹಿಡಿಯಬೇಕು?

ಮೊದಲು ವಿದ್ಯೆ ಎಲ್ಲಿದೆ ಎಂದು ಹುಡುಕಿ

ಪ್ರಕರಣ ಓದಿದ ಕೂಡಲೇ ಹೆಚ್ಚಿನ ವಿದ್ಯಾರ್ಥಿಗಳ ಕಣ್ಣು ದೇಶದ ಕಡೆಗೆ ಹೋಗುತ್ತದೆ. ರಾಜಕೀಯ ಹೇಗಿದೆ, ಸುಂಕ ಎಷ್ಟು ಎಂದು ಬರೆಯತೊಡಗುತ್ತಾರೆ. ಅದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ. ಈ ಕಂಪನಿಯ ಗಿರಾಕಿ ಇನ್ನೊಂದು ಕಂಪನಿಗೆ ಹೋಗದೆ ಇದರ ಹತ್ತಿರವೇ ಏಕೆ ಬಂದ? ಅದಕ್ಕೆ ಉತ್ತರವಾಗಿರುವ ಸಾಲನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ನಮ್ಮ ಪ್ರಕರಣದಲ್ಲಿ ಆ ಸಾಲು ಯಾವುದು ಎಂದು ಹೇಳಬೇಕಾಗಿಯೇ ಇಲ್ಲ: ಕಿರಿದಾದ ಎಣ್ಣೆ ದಾರಿಗಳು ಸೋರದಂತೆ ಎರಕ ಹೊಯ್ಯುವುದು. ಅದರ ಮುಂದಿನ ಸಾಲನ್ನೂ ಗುರುತು ಮಾಡಿ: ಪೇಟೆಂಟ್ ಇಲ್ಲ.

ಈ ವಿದ್ಯೆ ಎಂಥದ್ದು ಎಂಬುದು ನನಗೇ ಸ್ಪಷ್ಟವಾದದ್ದು ಒಮ್ಮೆ ವಿದ್ಯಾರ್ಥಿಗಳನ್ನು ಉದ್ಯಮಬಾಗದ ಒಂದು ಫೌಂಡ್ರಿಗೆ ಕರೆದುಕೊಂಡು ಹೋದಾಗ. ಎರಕದ ಒಳಗೆ ಪೊಳ್ಳು ಬರಬೇಕಾದ ಜಾಗದಲ್ಲಿ ಮರಳಿನಿಂದ ಮಾಡಿದ ಕೋರ್ ಇಡುತ್ತಾರೆ. ಕೈಬೆರಳಿನಷ್ಟು ದಪ್ಪದ, ಅಂಕುಡೊಂಕಾದ ಮರಳಿನ ಕಡ್ಡಿ ಅದು. ಅಲ್ಲಿದ್ದ ಹಿರಿಯ ಕೆಲಸಗಾರರೊಬ್ಬರು ಒಂದು ಕೋರ್ ತೆಗೆದುಕೊಂಡು ಉಗುರಿನಿಂದ ಗೀರಿದರು, ಬೆರಳಿನಿಂದ ಎರಡು ಸಲ ತಟ್ಟಿ ಕಿವಿಗೆ ಹಿಡಿದರು, ತಲೆಯಾಡಿಸಿ ಪಕ್ಕಕ್ಕೆ ಎಸೆದರು. ಅತ್ತ ಸಿದ್ಧವಾದ ಎರಕವೊಂದರ ತೂತುಗಳನ್ನು ಮುಚ್ಚಿ, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದರು. ಒಂದು ಮೂಲೆಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಮೇಲೆ ಬರುತ್ತಿದ್ದವು. ಆ ತುಂಡು ರದ್ದಿಗೆ ಹೋಯಿತು.

'ಇದನ್ನೆಲ್ಲ ಬರೆದು ಕೊಡಬಹುದೇ?' ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

'ಮರಳಿನ ಅಳತೆ ಬರೆದು ಕೊಡಬಹುದಮ್ಮ. ಯಾವ ಕೋರ್ ಎಸೆಯಬೇಕು ಎಂಬುದನ್ನು ಇಲ್ಲಿ ನಿಂತು ಆರು ತಿಂಗಳು ನೋಡಿದರೆ ಮಾತ್ರ ತಿಳಿಯುತ್ತದೆ' ಎಂದರು ಅವರು.

ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ, ಕಾಗದಕ್ಕೆ ಇಳಿಯುವ ವಿದ್ಯೆ ಮತ್ತು ಕೈಯಲ್ಲಿ ಕೂತಿರುವ ವಿದ್ಯೆ ಎಂಬ ವ್ಯತ್ಯಾಸ ಇದು. ಲೈಸೆನ್ಸಿಂಗ್ ಸಲೀಸಾಗಿ ನಡೆಯುವುದು ಮೊದಲನೆಯದಕ್ಕೆ. ಪೇಟೆಂಟ್ ಆದ ಔಷಧದ ಸೂತ್ರ, ನೋಂದಾಯಿತ ಟ್ರೇಡ್‌ಮಾರ್ಕ್, ಕಾರ್ಟೂನ್ ಚಿತ್ರ, ತಂತ್ರಾಂಶ ಇಂಥವಕ್ಕೆ ಕಾನೂನಿನ ಬೇಲಿ ಇದೆ. ಕರಾರು ಮುಗಿದ ಮೇಲೂ ಅದನ್ನು ಬಳಸಿದರೆ ನ್ಯಾಯಾಲಯದಲ್ಲಿ ತಡೆಯಬಹುದು. ಕೈಯಲ್ಲಿರುವ ವಿದ್ಯೆಗೆ ಆ ಬೇಲಿ ಇಲ್ಲ. ಅದನ್ನು ಲೈಸೆನ್ಸ್ ಮೂಲಕ ಕೊಡಬೇಕೆಂದರೆ ನಮ್ಮ ಕೆಲಸಗಾರರನ್ನೇ ಅಲ್ಲಿಗೆ ಕಳಿಸಿ ಕಲಿಸಬೇಕು. ಕಲಿತವರಿಂದ ವಿದ್ಯೆಯನ್ನು ವಾಪಸು ಪಡೆಯುವ ದಾರಿಯಿಲ್ಲ. ಕರಾರಿನ ಅವಧಿ ಮುಗಿದ ಮರುದಿನ ಆ ಫೌಂಡ್ರಿ ಅದೇ ಗಿರಾಕಿಗೆ ಅದೇ ತುಂಡನ್ನು ರಾಯಧನವಿಲ್ಲದೆ ಮಾರಬಹುದು.

1977ರಲ್ಲಿ ಕೋಕಾ ಕೋಲಾ ಭಾರತವನ್ನು ಬಿಟ್ಟು ಹೋದದ್ದನ್ನು ಇಲ್ಲಿ ಒಂದೇ ಸಾಲಿನಲ್ಲಿ ಉದಾಹರಣೆಯಾಗಿ ಕೊಡಬಹುದು. ಆಗಿನ ವಿದೇಶಿ ವಿನಿಮಯ ಕಾನೂನಿನಂತೆ ಪಾಲನ್ನು ಶೇ. 40ಕ್ಕೆ ಇಳಿಸಿ, ಪಾನೀಯದ ಪಾಕದ ವಿದ್ಯೆಯನ್ನೂ ಭಾರತದ ಕಂಪನಿಗೆ ಒಪ್ಪಿಸಬೇಕೆಂಬ ಒತ್ತಾಯ ಬಂದಾಗ, ಅಷ್ಟು ದೊಡ್ಡ ಮಾರುಕಟ್ಟೆಯನ್ನೇ ಅದು ಕೈಬಿಟ್ಟಿತು. ಹಣದ ಅಪಾಯಕ್ಕಿಂತ ವಿದ್ಯೆಯ ಅಪಾಯವನ್ನು ದೊಡ್ಡದೆಂದು ಎಣಿಸಿದ ಕಂಪನಿಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಹಣದ ಲೆಕ್ಕ: ಕೊಟ್ಟ ಅಂಕಿಗಳನ್ನು ಬಿಡಬೇಡಿ

ಪ್ರಶ್ನೆಯಲ್ಲಿ ಅಂಕಿಗಳಿದ್ದರೆ ಅವನ್ನು ಬಳಸದೆ ಬರೆದ ಉತ್ತರಕ್ಕೆ ಪೂರ್ಣ ಅಂಕ ಬರುವುದಿಲ್ಲ. ಲೆಕ್ಕ ಕಷ್ಟದ್ದೂ ಅಲ್ಲ. ಒಂದೊಂದು ದಾರಿಯಲ್ಲೂ ತುಂಡಿಗೆ ಎಷ್ಟು ಉಳಿಯುತ್ತದೆ, ಅದಕ್ಕಾಗಿ ಎಷ್ಟು ಹಣ ಸಿಕ್ಕಿಹಾಕಿಕೊಳ್ಳುತ್ತದೆ, ಇವೆರಡನ್ನು ನೋಡಿದರೆ ಸಾಕು.

ರಫ್ತಿನಿಂದ ಶುರುಮಾಡೋಣ. ಗಿರಾಕಿ ಕೊಡುವ 1,500ರಲ್ಲಿ ಸುಂಕವೂ ಸೇರಿದೆ. ಆದ್ದರಿಂದ ಹಿಂದಕ್ಕೆ ಲೆಕ್ಕ ಹಾಕಬೇಕು: 1,500ನ್ನು 1.25ರಿಂದ ಭಾಗಿಸಿದರೆ 1,200. ಇಲ್ಲಿ ಬಹಳ ಮಂದಿ 1,500ರ ಶೇ. 25 ಎಂದು 375 ಕಳೆದು ತಪ್ಪು ಮಾಡುತ್ತಾರೆ. ಸುಂಕ ಬೀಳುವುದು ಸುಂಕಕ್ಕೆ ಮುಂಚಿನ ಮೊತ್ತದ ಮೇಲೆ ಎಂಬುದು ನೆನಪಿರಲಿ. 1,200ರಲ್ಲಿ ತಯಾರಿಕೆಗೆ 950, ಸಾಗಣೆಗೆ 100 ಕಳೆದರೆ 150 ಉಳಿಯುತ್ತದೆ. 60,000 ತುಂಡಿಗೆ 90 ಲಕ್ಷ. ಬಿಲ್ ಹಣ 90 ದಿನಕ್ಕೆ ಬರುವುದರಿಂದ ವರ್ಷದ 7.2 ಕೋಟಿ ವಹಿವಾಟಿನ ಕಾಲುಭಾಗ, ಅಂದರೆ 1.8 ಕೋಟಿ, ಯಾವಾಗಲೂ ಗಿರಾಕಿಯ ಹತ್ತಿರ ನಿಂತಿರುತ್ತದೆ.

ಲೈಸೆನ್ಸ್‌ನಲ್ಲಿ 1,500ರ ಶೇ. 4 ಎಂದರೆ ತುಂಡಿಗೆ 60 ರೂಪಾಯಿ, ವರ್ಷಕ್ಕೆ 36 ಲಕ್ಷ. ಹಣ ಹೂಡಬೇಕಾಗಿಲ್ಲ.

ಜಂಟಿ ಉದ್ಯಮದಲ್ಲಿ ಸುಂಕವಿಲ್ಲ. 1,500ರಲ್ಲಿ 1,150 ಕಳೆದರೆ 350, ಒಟ್ಟು 2.1 ಕೋಟಿ. ನಮ್ಮ ಶೇ. 49 ಪಾಲು ಸುಮಾರು 1.03 ಕೋಟಿ. ಇದಕ್ಕಾಗಿ ನಾವು ಹಾಕಬೇಕಾದದ್ದು 6.86 ಕೋಟಿ. ಹೊಂದಿಸಬಲ್ಲ 8 ಕೋಟಿಯಲ್ಲಿ ಬಹುಪಾಲು ಒಂದೇ ದೇಶದ ನೆಲದಲ್ಲಿ ಹೂತು ಹೋಗುತ್ತದೆ. ರಫ್ತಿಗಿಂತ ಜಂಟಿ ಉದ್ಯಮದಲ್ಲಿ ಹೆಚ್ಚಿಗೆ ಸಿಗುವುದು 13 ಲಕ್ಷ. ಆದರೆ ಹೆಚ್ಚಿಗೆ ತೊಡಗಿಸಬೇಕಾದದ್ದು 5 ಕೋಟಿಗೂ ಮೇಲೆ. ಇಷ್ಟನ್ನು ಬರೆದ ವಿದ್ಯಾರ್ಥಿ 'ಜಂಟಿ ಉದ್ಯಮದಲ್ಲಿ ಲಾಭ ಹೆಚ್ಚು' ಎಂಬ ಹಳೆಯ ವಾಕ್ಯವನ್ನು ಮತ್ತೆ ಬರೆಯಲಾರ.

ಹಾಗಾದರೆ ರಫ್ತೇ ಉತ್ತರವೇ? ಇಲ್ಲಿ ನಿಲ್ಲಬೇಡಿ. ಪ್ರಶ್ನೆ ಬರೆದವರು 'ಹಣದ ಬೆಲೆ ಹಲವು ಸಲ ಕುಸಿದಿದೆ' ಎಂಬ ಸಾಲನ್ನು ಸುಮ್ಮನೆ ಹಾಕಿಲ್ಲ.

ಲೆಕ್ಕವನ್ನು ಅಲುಗಾಡಿಸಿ ನೋಡಿ

ಅಪಾಯ ಎಂದರೆ 'ಇದೆ' ಅಥವಾ 'ಇಲ್ಲ' ಎನ್ನುವ ಸಂಗತಿಯಲ್ಲ. ಎಷ್ಟು ಅಲುಗಿದರೆ ಲಾಭ ಸೊನ್ನೆಯಾಗುತ್ತದೆ ಎಂದು ಕೇಳಿದರೆ ಅದಕ್ಕೊಂದು ಅಳತೆ ಸಿಗುತ್ತದೆ.

ಆ ದೇಶದ ಹಣ ಶೇ. 10 ಕುಸಿಯಿತು ಎಂದುಕೊಳ್ಳಿ. ರಫ್ತಿನಲ್ಲಿ ನಮಗೆ ಬರುವ 1,200 ಈಗ 1,080 ಆಗುತ್ತದೆ. ನಮ್ಮ ಖರ್ಚು ರೂಪಾಯಿಯಲ್ಲಿರುವುದರಿಂದ ಅದು 1,050ರಲ್ಲೇ ನಿಂತಿರುತ್ತದೆ. ಉಳಿಯುವುದು 30. ವರ್ಷದ 90 ಲಕ್ಷ 18 ಲಕ್ಷಕ್ಕೆ ಇಳಿಯಿತು. ಶೇ. 12.5 ಕುಸಿದರೆ ಲಾಭವೇ ಇಲ್ಲ. ಸುಂಕದ ಕಡೆಯಿಂದ ನೋಡಿದರೂ ಹಾಗೆಯೇ: ಸುಂಕ ಶೇ. 40ಕ್ಕೆ ಏರಿದರೆ ತುಂಡಿಗೆ ಉಳಿಯುವುದು ಸುಮಾರು 21 ರೂಪಾಯಿ. ಅದೇ ಕುಸಿತದಲ್ಲಿ ಜಂಟಿ ಉದ್ಯಮದ ಲಾಭ ಶೇ. 10 ಮಾತ್ರ ಇಳಿಯುತ್ತದೆ, ಏಕೆಂದರೆ ಅಲ್ಲಿ ಬರುವ ಹಣವೂ ಹೋಗುವ ಹಣವೂ ಒಂದೇ ನಾಣ್ಯದಲ್ಲಿದೆ. ಆದರೆ ಅಲ್ಲಿ ಹೂಡಿದ 6.86 ಕೋಟಿಯ ರೂಪಾಯಿ ಬೆಲೆಯೂ ಅದೇ ಪ್ರಮಾಣದಲ್ಲಿ ಕರಗುತ್ತದೆ.

ಏಣಿಯ ಚಿತ್ರದಲ್ಲಿ ರಫ್ತಿನ ಪಕ್ಕ 'ಕಡಿಮೆ ಅಪಾಯ' ಎಂದು ಬರೆದಿರುತ್ತದೆ. ನಮ್ಮ ಲೆಕ್ಕ ಬೇರೆಯದನ್ನು ಹೇಳುತ್ತಿದೆ. ರಫ್ತಿನಲ್ಲಿ ಮುಳುಗುವ ಬಂಡವಾಳ ಕಡಿಮೆ, ಆದರೆ ವರ್ಷವರ್ಷದ ಲಾಭ ಗಾಳಿಪಟದ ದಾರದಂತೆ ಜಗ್ಗಾಡುತ್ತದೆ. ಇದಕ್ಕೆ ಮದ್ದೂ ಇದೆ: ಬ್ಯಾಂಕಿನಲ್ಲಿ ಫಾರ್ವರ್ಡ್ ಕರಾರು ಮಾಡಿಕೊಂಡು ವಿನಿಮಯ ದರವನ್ನು ಮುಂಚಿತವಾಗಿಯೇ ಕಟ್ಟಿಹಾಕುವುದು, ಗಿರಾಕಿ ಹಣ ಕೊಡದೆ ಹೋದರೆ ಎಂಬುದಕ್ಕೆ ರಫ್ತು ಸಾಲ ಖಾತರಿ ನಿಗಮದ ವಿಮೆ, ಸಾಧ್ಯವಾದರೆ ಲೆಟರ್ ಆಫ್ ಕ್ರೆಡಿಟ್. ಇವುಗಳಲ್ಲಿ ಯಾವುದೂ ಸುಂಕದ ಏರಿಕೆಯನ್ನಾಗಲಿ, ಮೂರನೆಯ ವರ್ಷದ ಶೇ. 30ರ ನಿಯಮವನ್ನಾಗಲಿ ತಡೆಯಲಾರದು. ಸಿದ್ಧ ತುಂಡನ್ನು ರಫ್ತು ಮಾಡಿದರೆ ಆ ದೇಶದೊಳಗಿನ ಕೆಲಸ ಸೊನ್ನೆ. ಹಾಗಾಗಿ ರಫ್ತು ಎರಡು ವರ್ಷದ ಉತ್ತರವಾಗಬಹುದು, ಐದು ವರ್ಷದ ಉತ್ತರವಾಗಲಾರದು.

ದಾರಿಯನ್ನು ಇಡಿಯಾಗಿ ಆರಿಸಬೇಕಿಲ್ಲ

ಈ ಲೇಖನ ಬರೆಯಲು ಕೂತದ್ದೇ ಈ ಮಾತಿಗಾಗಿ. ವಿದ್ಯಾರ್ಥಿಗಳು ರಫ್ತು, ಲೈಸೆನ್ಸ್, ಜಂಟಿ ಉದ್ಯಮಗಳನ್ನು ಮೂರು ಬೇರೆ ಬೇರೆ ಬಾಗಿಲುಗಳೆಂದು ಭಾವಿಸಿ, ಒಂದನ್ನು ತೆರೆದರೆ ಉಳಿದೆರಡು ಮುಚ್ಚಿದವು ಎಂದುಕೊಳ್ಳುತ್ತಾರೆ. ನಿಜವಾದ ಕಂಪನಿಗಳು ಕೆಲಸವನ್ನು ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ದಾರಿ ಹಿಡಿಯುತ್ತವೆ.

ನಮ್ಮ ಫೌಂಡ್ರಿಯ ವಿದ್ಯೆ ಎಲ್ಲಿದೆ? ಎರಕದಲ್ಲಿ. ಯಂತ್ರದಲ್ಲಿ ಕೊರೆಯುವ ಕೆಲಸ ಬೇರೆ ಎಷ್ಟೋ ಕಾರ್ಖಾನೆಗಳಿಗೆ ಬರುತ್ತದೆ, ಅದನ್ನು ಹೊರಗೆ ಕೊಟ್ಟರೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ಹಾಗಾದರೆ ಒರಟು ಎರಕವನ್ನು ಬೆಳಗಾವಿಯಿಂದ ರಫ್ತು ಮಾಡಿ, ಕೊರೆಯುವ ಕೆಲಸಕ್ಕೆ ಮಾತ್ರ ಅಲ್ಲಿ ಚಿಕ್ಕ ಜಂಟಿ ಉದ್ಯಮ ಮಾಡಿದರೆ ಹೇಗೆ? ಇಡೀ ಫೌಂಡ್ರಿಗೆ 14 ಕೋಟಿ ಬೇಕಿದ್ದ ಕಡೆ ಯಂತ್ರಗಳ ಶೆಡ್ಡಿಗೆ 3 ಕೋಟಿ ಸಾಕು ಎಂದು ಇಟ್ಟುಕೊಳ್ಳೋಣ. (ಪರೀಕ್ಷೆಯಲ್ಲಿ ಇಂಥ ಅಂಕಿ ಕೊಟ್ಟಿರದಿದ್ದರೆ 'ಊಹೆ' ಎಂದು ಸ್ಪಷ್ಟವಾಗಿ ಬರೆದು ಮುಂದುವರಿಯಿರಿ. ಮೌಲ್ಯಮಾಪಕರು ಅದಕ್ಕೆ ಅಂಕ ಕಡಿಯುವುದಿಲ್ಲ. ಮುಚ್ಚಿಟ್ಟರೆ ಕಡಿಯುತ್ತಾರೆ.) ನಮ್ಮ ಶೇ. 49 ಪಾಲಿಗೆ 1.47 ಕೋಟಿ.

ತುಂಡಿನ ಲೆಕ್ಕ ಹೀಗಾಗುತ್ತದೆ. ಎರಕಕ್ಕೆ 600, ಸಾಗಣೆಗೆ 100. ಜಂಟಿ ಉದ್ಯಮಕ್ಕೆ ಅದನ್ನು 800ಕ್ಕೆ ಮಾರುತ್ತೇವೆ. ಇಲ್ಲಿ ನಮಗೆ 100 ಉಳಿಯಿತು. ಅದರ ಮೇಲೆ ಸುಂಕ 200, ಯಂತ್ರದ ಕೆಲಸ 400. ಒಟ್ಟು 1,400. ಗಿರಾಕಿಗೆ 1,500ಕ್ಕೆ ಮಾರಿದರೆ ಜಂಟಿ ಉದ್ಯಮಕ್ಕೆ 100 ಉಳಿಯುತ್ತದೆ, ಅದರಲ್ಲಿ ನಮ್ಮ ಪಾಲು 49. ಎರಡೂ ಸೇರಿ 149. ಸಿದ್ಧ ತುಂಡನ್ನು ರಫ್ತು ಮಾಡಿದಾಗ ಉಳಿಯುತ್ತಿದ್ದದ್ದು 150.

ಒಂದು ರೂಪಾಯಿ ಬಿಟ್ಟುಕೊಟ್ಟು ಏನೇನು ಪಡೆದೆವು ನೋಡಿ. 1,500ರ ಬೆಲೆಯಲ್ಲಿ ಯಂತ್ರದ ಕೆಲಸ ಮತ್ತು ಅಲ್ಲಿನ ಲಾಭ ಸೇರಿ 500 ಆ ದೇಶದೊಳಗೆ ಹುಟ್ಟಿದ್ದು, ಅಂದರೆ ಶೇ. 33. ಶೇ. 30ರ ನಿಯಮ ದಾಟಿದೆವು. ಆ ದೇಶದ ಹಣ ಶೇ. 10 ಕುಸಿದರೆ, ಎರಕವನ್ನು ಅಲ್ಲಿನ ಹಣದಲ್ಲೇ ಮಾರುತ್ತಿದ್ದರೂ, ನಮ್ಮ ಪಾಲಿಗೆ ತುಂಡಿಗೆ ಸುಮಾರು 64 ರೂಪಾಯಿ ಉಳಿಯುತ್ತದೆ. ನೇರ ರಫ್ತಿನಲ್ಲಿ ಉಳಿದಿದ್ದು 30. ಎಲ್ಲಕ್ಕಿಂತ ಮುಖ್ಯವಾಗಿ, ಉಗುರಿನಿಂದ ಗೀರಿ ಕೋರ್ ಆರಿಸುವ ಆ ಕೆಲಸಗಾರರು ಉದ್ಯಮಬಾಗದಲ್ಲೇ ಇರುತ್ತಾರೆ.

ಇದಕ್ಕೂ ಮಿತಿಗಳಿವೆ, ಅವನ್ನೂ ಬರೆಯಬೇಕು. ಒರಟು ಎರಕದಲ್ಲಿನ ದೋಷ ಕೊರೆದ ಮೇಲಷ್ಟೇ ಬಯಲಾಗುವುದುಂಟು. ಸಮುದ್ರ ದಾಟಿದ ಮೇಲೆ ಸೋರುವ ತುಂಡು ಸಿಕ್ಕರೆ ತಪ್ಪು ಎರಕದ್ದೋ, ಕೊರೆತದ್ದೋ ಎಂಬ ಜಗಳ ಏಳುತ್ತದೆ. ಯಾರು ಪರೀಕ್ಷಿಸಬೇಕು, ರದ್ದಾದ ತುಂಡಿನ ಖರ್ಚು ಯಾರದು ಎಂಬುದನ್ನು ಕರಾರಿನಲ್ಲೇ ಬರೆಯದಿದ್ದರೆ ಆ ಜಗಳದಲ್ಲೇ ಜಂಟಿ ಉದ್ಯಮ ಒಡೆಯುತ್ತದೆ.

ನಿಯಂತ್ರಣ ಶೇಕಡಾವಾರಿನಲ್ಲಿ ಮಾತ್ರ ಇಲ್ಲ

'ಶೇ. 49 ಪಾಲು, ಆದ್ದರಿಂದ ನಿಯಂತ್ರಣ ಇಲ್ಲ' ಎಂಬ ವಾಕ್ಯ ನನಗೆ ಬಹಳ ಬೇಸರ ತರಿಸುತ್ತದೆ. ನಿಯಂತ್ರಣ ಯಾವುದರ ಮೇಲೆ ಎಂದು ಹೇಳದೆ ಆ ಪದಕ್ಕೆ ಅರ್ಥವೇ ಇಲ್ಲ. ಬೆಲೆಯ ಮೇಲೆಯೇ, ಗುಣಮಟ್ಟದ ಮೇಲೆಯೇ, ಗಿರಾಕಿಯ ಮೇಲೆಯೇ, ವಿದ್ಯೆಯ ಮೇಲೆಯೇ?

ನಮ್ಮ ಯಂತ್ರಶಾಲೆಯ ಜಂಟಿ ಉದ್ಯಮದಲ್ಲಿ ಮತದ ಬಲ ಪಾಲುದಾರರದ್ದು. ಆದರೆ ಎರಕ ಬರುವುದು ನಮ್ಮಿಂದ ಮಾತ್ರ. ಅದು ನಿಂತರೆ ಅಲ್ಲಿನ ಯಂತ್ರಗಳು ನಿಲ್ಲುತ್ತವೆ. ಈ ಹಿಡಿತ ಷೇರು ಪತ್ರದಲ್ಲಿ ಕಾಣುವುದಿಲ್ಲ, ಆದರೂ ಬಲವಾದದ್ದು. ಇದರ ಮೇಲೆ ಕರಾರಿನಲ್ಲಿ ಕೆಲವನ್ನು ಕೇಳಬಹುದು: ಗುಣಮಟ್ಟದ ಮುಖ್ಯಸ್ಥರನ್ನು ನಾವು ನೇಮಿಸುತ್ತೇವೆ, ಹೊಸ ಷೇರು ಹಂಚಲು ಮತ್ತು ಬೇರೆಡೆಯಿಂದ ಎರಕ ಕೊಳ್ಳಲು ನಮ್ಮ ಒಪ್ಪಿಗೆ ಬೇಕು, ಬೇರೆಯಾಗುವ ದಿನ ಬಂದರೆ ಷೇರಿನ ಬೆಲೆ ಕಟ್ಟುವ ಬಗೆ ಇಂಥದ್ದು. ಭಾರತದ ಕಂಪನಿ ಕಾಯಿದೆಯಲ್ಲಿ ವಿಶೇಷ ನಿರ್ಣಯಕ್ಕೆ ಮುಕ್ಕಾಲು ಪಾಲು ಮತ ಬೇಕು. ಹಾಗಾಗಿ ಇಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮತವಿದ್ದವರು ಅಂಥ ನಿರ್ಣಯವನ್ನು ತಡೆಯಬಲ್ಲರು. ಬೇರೆ ದೇಶದಲ್ಲಿ ಕಾನೂನು ಬೇರೆ ಇರುವುದರಿಂದಲೇ ಈ ಹಕ್ಕುಗಳನ್ನು ಕರಾರಿನಲ್ಲಿ ಬಿಡಿಸಿ ಬರೆಸಿಕೊಳ್ಳಬೇಕು.

ವಿದ್ಯೆ ಯಾರ ಬಳಿ ಇದೆಯೋ ಅವರ ಮಾತು ನಡೆಯುತ್ತದೆ ಎಂಬುದಕ್ಕೆ ಹೀರೋ ಹೋಂಡಾ ಒಳ್ಳೆಯ ಸಾಕ್ಷಿ. 1984ರಲ್ಲಿ ಶುರುವಾದ ಆ ಜಂಟಿ ಉದ್ಯಮದಲ್ಲಿ ಎಂಜಿನ್ ವಿದ್ಯೆ ಹೋಂಡಾದ್ದು. ಭಾರತದಲ್ಲಿ ಮಾರಾಟದ ಜಾಲ ಹೀರೋ ಕಡೆಯವರದ್ದು. ಕಂಪನಿ ದೇಶದಲ್ಲೇ ದೊಡ್ಡದಾಗಿ ಬೆಳೆದ ಮೇಲೂ ಅದರ ರಫ್ತು ಹೋಂಡಾ ಒಪ್ಪಿದ ಕೆಲವೇ ದೇಶಗಳಿಗೆ ಸೀಮಿತವಾಗಿತ್ತು. 2010ರ ಕೊನೆಗೆ ಎರಡೂ ಕಡೆಯವರು ಬೇರೆಯಾದರು, ಹೀರೋ ತನ್ನದೇ ವಿದ್ಯೆ ಕಟ್ಟಿಕೊಳ್ಳಬೇಕಾಯಿತು.

ನಮ್ಮ ಜಿಲ್ಲೆಯಲ್ಲೇ ನೋಡಬೇಕೆಂದರೆ ಹತ್ತರಗಿಯ ವಿಮಾನ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯವಿದೆ. ಅಲ್ಲಿ ಏಕಸ್ ಕಂಪನಿ ಲೋಹದ ಮೇಲ್ಮೈ ಸಂಸ್ಕರಣೆಗೆ ಕೆನಡಾದ ಮೆಗೆಲನ್ ಜೊತೆ, ಫೋರ್ಜಿಂಗ್‌ಗೆ ಫ್ರಾನ್ಸ್‌ನ ಒಬೆರ್ ಎ ದುವಾಲ್ ಜೊತೆ ಜಂಟಿ ಉದ್ಯಮ ಕಟ್ಟಿತು. ಇಡೀ ವಲಯಕ್ಕೆ ಒಬ್ಬರೇ ಪಾಲುದಾರರಲ್ಲ, ಒಂದೊಂದು ಪ್ರಕ್ರಿಯೆಗೆ ಆ ವಿದ್ಯೆ ಬಲ್ಲ ಒಬ್ಬೊಬ್ಬರು. ಕೆಲಸವನ್ನು ತುಂಡು ಮಾಡುವುದು ಎಂದು ಮೇಲೆ ಹೇಳಿದ್ದಕ್ಕೆ ಹೊರದೇಶದಿಂದ ಒಳಬರುವ ದಿಕ್ಕಿನ ಉದಾಹರಣೆ ಇದು.

ಸರಕು ಬದಲಾದರೆ ಉತ್ತರ ಬದಲಾಗುತ್ತದೆ

ಇದೇ ದಾರಿಯಲ್ಲಿ ನಡೆದರೂ ಬೇರೆ ಪ್ರಕರಣದಲ್ಲಿ ಬೇರೆ ಕಡೆ ತಲುಪುತ್ತೀರಿ. ವಿಜಯಪುರದ ತಿಕೋಟಾ ಕಡೆಯ ಒಣದ್ರಾಕ್ಷಿ ಬೆಳೆಗಾರರ ಪ್ರಕರಣ ಬಂದರೆ ಮೊದಲ ಪ್ರಶ್ನೆಯಲ್ಲೇ ಅರ್ಧ ದಾರಿ ಮುಗಿಯುತ್ತದೆ: ಕದಿಯಲು ಅಲ್ಲಿ ಗುಟ್ಟಿನ ವಿದ್ಯೆ ಇಲ್ಲ. ಆದ್ದರಿಂದ ಲೈಸೆನ್ಸ್ ಮಾತೇ ಏಳುವುದಿಲ್ಲ, ಹೊರದೇಶದಲ್ಲಿ ಹಣ ಹೂಡುವ ಕಾರಣವೂ ಇಲ್ಲ. ಉಳಿಯುವ ಪ್ರಶ್ನೆ ರಫ್ತನ್ನು ದಲ್ಲಾಳಿ ರಫ್ತುದಾರರ ಮೂಲಕ ಮಾಡುವುದೇ, ನೇರವಾಗಿಯೇ ಎಂಬುದು. ಮಧ್ಯದವರ ಮೂಲಕ ಹೋದರೆ ಗಿರಾಕಿ ಯಾರೆಂಬುದೂ ಬೆಳೆಗಾರರಿಗೆ ತಿಳಿಯುವುದಿಲ್ಲ. ನೇರವಾಗಿ ಹೋದರೆ ಬಂದರಿನಲ್ಲಿ ಕೀಟನಾಶಕದ ಉಳಿಕೆ ಹೆಚ್ಚಿದೆ ಎಂದು ಕಂಟೇನರ್ ತಿರಸ್ಕೃತವಾದಾಗ ನಷ್ಟವೆಲ್ಲ ಅವರದ್ದೇ.

ಬಾಗಲಕೋಟೆಯ ಇಳಕಲ್ ಸೀರೆಯ ಪ್ರಕರಣದಲ್ಲಿ ಒಂದು ಬಲೆ ಇದೆ, ಜಾಣರೂ ಅದರಲ್ಲಿ ಬೀಳುತ್ತಾರೆ. 'ಇಳಕಲ್ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ, ಕಾನೂನಿನ ಬೇಲಿ ಇದೆ, ಆದ್ದರಿಂದ ವಿದೇಶಿ ಬಟ್ಟೆ ಕಂಪನಿಗೆ ಹೆಸರಿನ ಲೈಸೆನ್ಸ್ ಕೊಡಬಹುದು' ಎಂದು ಬರೆಯುತ್ತಾರೆ. ನನ್ನ ಮೊದಲ ಭೇದವನ್ನು ಚೆನ್ನಾಗಿ ಅರಿತವರೇ ಹೀಗೆ ಬರೆಯುವುದು ಹೆಚ್ಚು. ಆದರೆ 1999ರ ಭೌಗೋಳಿಕ ಗುರುತುಗಳ ಕಾಯಿದೆಯ 24ನೆಯ ಕಲಂ ಆ ಹಕ್ಕನ್ನು ಪರಭಾರೆ ಮಾಡುವುದನ್ನೂ ಲೈಸೆನ್ಸ್ ಕೊಡುವುದನ್ನೂ ನಿಷೇಧಿಸಿದೆ. ಹೆಸರು ಊರಿಗೆ ಅಂಟಿದ್ದು. ಬೇರೆ ದೇಶದ ಮಗ್ಗದಲ್ಲಿ ನೇಯ್ದದ್ದು ಇಳಕಲ್ ಸೀರೆ ಆಗಲಾರದು. ಅಲ್ಲಿ ರಫ್ತು ಬಿಟ್ಟರೆ, ಮಾರಾಟಕ್ಕಷ್ಟೇ ಜಂಟಿ ಉದ್ಯಮ ಎಂಬ ದಾರಿ ಉಳಿಯುತ್ತದೆ.

ಕೊನೆಯ ಪ್ಯಾರಾ ಹೇಗೆ ಬರೆಯಬೇಕು

ಉತ್ತರದ ಆರಂಭದಲ್ಲಿ ವ್ಯಾಖ್ಯೆಗಳಿಗೆ ಮೂರು ಸಾಲಿಗಿಂತ ಹೆಚ್ಚು ಜಾಗ ಕೊಡಬೇಡಿ. ವಿದ್ಯೆ ಎಲ್ಲಿದೆ ಎಂಬುದಕ್ಕೆ ಒಂದು ಪ್ಯಾರಾ, ಲೆಕ್ಕಕ್ಕೆ ಒಂದು ಪುಟ. ಕೊನೆಯ ಪ್ಯಾರಾದಲ್ಲಿ ಆಯ್ಕೆ, ಅದರ ಕಾಲ, ಮತ್ತು ಯಾವುದು ನಡೆದರೆ ಆಯ್ಕೆ ಬದಲಾಯಿಸುತ್ತೀರಿ ಎಂಬುದು ಬರಲಿ. ನಮ್ಮ ಪ್ರಕರಣಕ್ಕೆ ನಾನು ಬರೆಯುವುದು ಹೀಗೆ:

'ಮೊದಲ ಎರಡು ವರ್ಷ ಕಂಪನಿ ಸಿದ್ಧ ತುಂಡನ್ನು ನೇರವಾಗಿ ರಫ್ತು ಮಾಡಲಿ, ವಿನಿಮಯ ದರವನ್ನು ಫಾರ್ವರ್ಡ್ ಕರಾರಿನಿಂದ ಕಟ್ಟಿಕೊಳ್ಳಲಿ. ಆ ಅವಧಿಯಲ್ಲಿ ಪಾಲುದಾರ ಫೌಂಡ್ರಿಯ ಕೆಲಸವನ್ನು ಹತ್ತಿರದಿಂದ ನೋಡಲಿ. ಮೂರನೆಯ ವರ್ಷಕ್ಕೆ ಮುಂಚೆ ಯಂತ್ರದ ಕೆಲಸಕ್ಕೆ ಮಾತ್ರ ಶೇ. 49 ಪಾಲಿನ ಜಂಟಿ ಉದ್ಯಮ ಮಾಡಿ, ಎರಕವನ್ನು ಬೆಳಗಾವಿಯಿಂದಲೇ ಕಳಿಸಲಿ. ಲೈಸೆನ್ಸ್ ಪ್ರಸ್ತಾಪವನ್ನು ತಿರಸ್ಕರಿಸಲಿ, ಏಕೆಂದರೆ ಪೇಟೆಂಟ್ ಇಲ್ಲದ ವಿದ್ಯೆಗೆ ವರ್ಷಕ್ಕೆ 36 ಲಕ್ಷ ಸಾಲದು. ಸುಂಕ ಈಗಿನ ಶೇ. 25ರಿಂದ ಮೇಲೇರಿದರೆ, ಅಥವಾ ದೇಶದೊಳಗಿನ ಕೆಲಸದ ನಿಯಮ ಶೇ. 33ಕ್ಕಿಂತ ಮೇಲೇರಿದರೆ, ಈ ಏರ್ಪಾಡನ್ನು ಮತ್ತೆ ಲೆಕ್ಕ ಹಾಕಬೇಕು.'